ಬಾಕ್ಸ್ ಕೂಗಿದ ದುಡ್ಡಿಗೂ ಬ್ಯಾಂಕಿಗೆ ಬಂದ ದುಡ್ಡಿಗೂ ಯಾಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಜೀನಸಿನ ಅಂಗಡಿ. ಈಚೆಗೆ ಕ್ಯೂಆರ್ ಕೋಡ್, ಸೌಂಡ್ ಬಾಕ್ಸ್ ಎರಡನ್ನೂ ಹಾಕಿಸಿದೆ. ಬಾಕ್ಸ್ ಕೂಗಿದ್ದನ್ನೂ ಗಿರಾಕಿಗಳು ಮೊಬೈಲಿನಲ್ಲಿ ತೋರಿಸಿದ್ದನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಮರುದಿನ ಬ್ಯಾಂಕಿಗೆ ಬರುವ ಮೊತ್ತ ಮಾತ್ರ ಬೇರೆಯೇ ಇರುತ್ತದೆ. ನಡುವೆ ಯಾರಾದರೂ ಹಿಡಿದುಕೊಳ್ಳುತ್ತಿದ್ದಾರಾ?

ಉತ್ತರ: ಹೆಚ್ಚಾಗಿ ಯಾರೂ ಹಿಡಿದುಕೊಂಡಿರುವುದಿಲ್ಲ. ನೀವು ಮೂರು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಅಂದುಕೊಂಡಿದ್ದೀರಿ, ಅಷ್ಟೇ. ನಿಮ್ಮ ಪುಸ್ತಕದ್ದು ಒಂದು, ಆ್ಯಪಿನದ್ದು ಇನ್ನೊಂದು, ಬ್ಯಾಂಕಿನದ್ದು ಮತ್ತೊಂದು.

ಒಂದು ದಿನದ ಲೆಕ್ಕ ಮಾಡಿಯೇ ನೋಡೋಣ. ಪುಸ್ತಕದಲ್ಲಿ ಆನ್‌ಲೈನ್ ವ್ಯಾಪಾರ 9,240 ರೂಪಾಯಿ ಎಂದಿದೆ, ಆ್ಯಪಿನಲ್ಲಿ 8,460 ಎಂದಿಟ್ಟುಕೊಳ್ಳಿ. 780 ಕಮ್ಮಿ. ಆ್ಯಪಿನ ಪಟ್ಟಿಯ ಜೊತೆ ಪುಸ್ತಕವನ್ನು ಸಾಲು ಸಾಲಾಗಿ ಹಿಡಿದು ನೋಡಿದರೆ ಎರಡು ಸಾಲು ಸಿಗುವುದಿಲ್ಲ. ಒಂದು 600 ರೂಪಾಯಿ. ಪರಿಚಯದ ಗಿರಾಕಿಯೊಬ್ಬರು ಸ್ಕ್ಯಾನ್ ಮಾಡದೆ ನಿಮ್ಮ ಮೊಬೈಲ್ ನಂಬರಿಗೇ ಹಾಕಿದ್ದಾರೆ. ಅದು ನಿಮ್ಮ ಸ್ವಂತ ಖಾತೆಗೆ ನೇರವಾಗಿ ಬಂದಿದೆ. ಅಂಗಡಿಯ ಕ್ಯೂಆರ್‌ಗೆ ಬಂದದ್ದನ್ನು ಮಾತ್ರ ಬಾಕ್ಸ್ ಕೂಗುತ್ತದೆ, ಹಾಗಾಗಿ ಇದಕ್ಕೆ ಸುಮ್ಮನಿತ್ತು. ಇನ್ನೊಂದು 180 ರೂಪಾಯಿ. ಗಿರಾಕಿಯ ಮೊಬೈಲಿನಲ್ಲಿ ‘ಪ್ರೊಸೆಸಿಂಗ್’ ಎಂದು ಇದ್ದದ್ದನ್ನೇ ನೀವು ಬಂತು ಎಂದು ಬರೆದಿರಿ. ಅದು ಬರಲೇ ಇಲ್ಲ. ಹೀಗೆ ಅವರ ಖಾತೆಯಿಂದ ಹೋಗಿ ನಿಮಗೆ ಸೇರದ ದುಡ್ಡು 5 ದಿನದೊಳಗೆ ತಾನಾಗಿ ಅವರಿಗೇ ವಾಪಸಾಗಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಆ 180 ಅನ್ನು ಸಾಲದ ಪುಸ್ತಕದಲ್ಲಿ ಅವರ ಹೆಸರಿಗೆ ಬರೆದಿಡಿ.

ಇನ್ನು ಬ್ಯಾಂಕಿಗೆ ಬಂದದ್ದು 7,965. ಪೇಮೆಂಟ್ ಕಂಪನಿಗಳು ದಿನದ ದುಡ್ಡನ್ನು ಒಟ್ಟುಮಾಡಿ ಖಾತೆಗೆ ಹಾಕುತ್ತವೆ. ಇದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ. ಎಷ್ಟು ಗಂಟೆಯವರೆಗಿನದ್ದನ್ನು ಸೇರಿಸುತ್ತಾರೆ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಥರ. ನಿಮ್ಮದು ಸಂಜೆ 7 ಗಂಟೆ ಎಂದಿಟ್ಟುಕೊಂಡರೆ, 7ರ ನಂತರ ಬಂದ 1,110 ನಾಳೆಯ ಕಂತಿಗೆ ಹೋಗುತ್ತದೆ. ನಿನ್ನೆ 7ರ ನಂತರದ 740 ಇವತ್ತಿನದ್ದಕ್ಕೆ ಸೇರುತ್ತದೆ. ಬಾಕ್ಸಿನ ತಿಂಗಳ ಬಾಡಿಗೆ 125 ಅನ್ನು ಇದರಲ್ಲೇ ಮುರಿದುಕೊಂಡಿದ್ದಾರೆ. 8,460ರಲ್ಲಿ 1,110 ಕಳೆದು, 740 ಕೂಡಿಸಿ, 125 ಕಳೆಯಿರಿ. ಸರಿಯಾಗಿ 7,965. ಬ್ಯಾಂಕೇ ಕೊಟ್ಟ ಕ್ಯೂಆರ್ ಆದರೆ ಕೆಲವು ಕಡೆ ಒಂದೊಂದು ಪಾವತಿಯೂ ಆಗಿಂದಾಗಲೇ ಖಾತೆಗೆ ಬೀಳುತ್ತದೆ, ಅಲ್ಲಿ ಈ ಕೂಡಿಸಿ ಕಳೆಯುವ ತಾಪತ್ರಯ ಇಲ್ಲ.

ಹಾಗಾಗಿ ಬಾಕ್ಸಿನ ಕೂಗನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಕೌಂಟರಿನಲ್ಲಿ ನಿಂತವರ ಧೈರ್ಯಕ್ಕೆ ಇರುವಂಥದ್ದು. ಅದರೊಳಗೂ ಒಂದು ಸಿಮ್ ಇದೆ, ರೇಂಜ್ ಇಲ್ಲದಿದ್ದರೆ ತಡವಾಗಿ ಕೂಗುತ್ತದೆ ಅಥವಾ ಕೂಗುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಚಾರ್ಜ್ ಮುಗಿದರೂ ಅದೇ ಕತೆ. ಕೆಲವು ಬಾಕ್ಸ್‌ಗಳಲ್ಲಿ ಕೊನೆಯ ಪಾವತಿಯನ್ನು ಇನ್ನೊಮ್ಮೆ ಹೇಳಿಸುವ ಬಟನ್ ಇರುತ್ತದೆ. ಹುಡುಗ ಅದನ್ನು ಒತ್ತಿದರೆ ನೀವು ಎರಡು ಸಲ ಬರೆದುಬಿಡುತ್ತೀರಿ. ಅನುಮಾನ ಬಂದಾಗ ಗಿರಾಕಿಯ ಮೊಬೈಲಿನಲ್ಲಿರುವ 12 ಅಂಕಿಯ ಯುಟಿಆರ್ ನಂಬರಿನ ಕೊನೆಯ ನಾಲ್ಕನ್ನು ನಿಮ್ಮ ಆ್ಯಪಿನಲ್ಲಿ ನೋಡಿ. ಇದ್ದರೆ ಬಂದಿದೆ. ಹಸಿರು ಟಿಕ್ ಮಾತ್ರ ನೋಡಿ ಸಾಮಾನು ಕೊಡಬೇಡಿ, ನಕಲಿ ಸ್ಕ್ರೀನ್ ತೋರಿಸುವವರೂ ಇದ್ದಾರೆ.

ಬಾಕ್ಸ್ ಮಲಯಾಳದಲ್ಲಿ ಮಾತಾಡುತ್ತಿದ್ದರೆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಇದೆಯಾ ನೋಡಿ. ಕೌಂಟರಿನಲ್ಲಿ ಕೂರುವವರಿಗೆ ಯಾವುದು ತಟ್ಟನೆ ಕಿವಿಗೆ ಬೀಳುತ್ತದೋ ಅದನ್ನಿಡಿ.

ಖಾತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್: ಅಂಗಡಿಗೆ ಬೇರೆ ಖಾತೆ ಇರಲಿ, ಮನೆ ಖರ್ಚು ಅದರಲ್ಲಿ ಬೇಡ. ನಮ್ಮ ಕಡೆ ಸುಮಾರು ಜನರ ಖಾತೆ ಊರಿನ ಸಹಕಾರಿ ಸಂಘದಲ್ಲಿರುತ್ತದೆ. ಅಂಥ ಎಲ್ಲದಕ್ಕೂ ಯುಪಿಐ ಸಿಗುವುದಿಲ್ಲ, ಕ್ಯೂಆರ್‌ಗೆ ಅರ್ಜಿ ಹಾಕುವ ಮೊದಲೇ ಅಲ್ಲಿ ಕೇಳಿ.

ಕ್ಯಾಶ್ ಪೆಟ್ಟಿಗೆಯಲ್ಲೂ ಒಂದು ಗೊಂದಲ ಆಗುತ್ತದೆ. 300 ರೂಪಾಯಿ ಬಿಲ್ಲಿಗೆ ಗಿರಾಕಿ 500 ಸ್ಕ್ಯಾನ್ ಮಾಡಿ, “ಉಳಿದ 200 ಕ್ಯಾಶ್ ಕೊಡಿ ಅಣ್ಣಾ” ಎನ್ನುತ್ತಾರೆ. ಆಗ ಆ್ಯಪಿನಲ್ಲಿ ವ್ಯಾಪಾರಕ್ಕಿಂತ 200 ಜಾಸ್ತಿ, ಪೆಟ್ಟಿಗೆಯಲ್ಲಿ 200 ಕಮ್ಮಿ. ಕೊಟ್ಟ ಕೂಡಲೇ ಒಂದು ಚೀಟಿಯಲ್ಲಿ ‘200 ಕ್ಯಾಶ್ ಕೊಟ್ಟದ್ದು’ ಎಂದು ಬರೆದು ಪೆಟ್ಟಿಗೆಗೇ ಹಾಕಿ. ರಾತ್ರಿ ನೋಟು ಎಣಿಸುವಾಗ ಆ ಚೀಟಿಯನ್ನೂ ನೋಟಿನ ಜೊತೆ ಎಣಿಸಿ.