ಕಾರ್ಟಿಸಾಲ್ 29 ಅಂದರೆ ಟೆನ್ಷನ್ ಎಷ್ಟು?

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ 38 ವರ್ಷದ ಹೆಣ್ಣುಮಗಳು ಕಳೆದ ಮಳೆಗಾಲದಲ್ಲಿ ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಐದು ಪುಟದ ಲ್ಯಾಬ್ ರಿಪೋರ್ಟ್. ಅದರಲ್ಲಿ ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್ ಎದುರಿಗೆ 29 ಅಂತ ಕೆಂಪಕ್ಷರ. ಬೆಳಿಗ್ಗೆ 8 ಗಂಟೆಗೆ ಕೊಟ್ಟ ರಕ್ತ. ಆ ಹೊತ್ತಿಗೆ ಸಾಮಾನ್ಯವಾಗಿ 5ರಿಂದ 25ರ ಒಳಗಿರುತ್ತದೆ.

"ಮೇಡಂ, ಟೆನ್ಷನ್ನಿಗೆ ಕಾರ್ಟಿಸಾಲ್ ಏರಿದೆ. ಮುಖ ಊದಿರೋದು, ಸುಸ್ತಾಗೋದು ಎಲ್ಲಾ ಅದರಿಂದಾನೇ ಅಂತ ರೀಲ್ಸ್‌ನಲ್ಲಿ ನೋಡಿದೆ" ಎಂದರು. ಟೆನ್ಷನ್ ಇದ್ದದ್ದು ನಿಜ. ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಮೇಲೆ ಬೋರ್‌ವೆಲ್ ಸಾಲ.

ಮೊದಲು ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಲು ಹೇಳಿದೆ. ಸಲೀಸಾಗಿ ಎದ್ದರು. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆಗಳಿರಲಿಲ್ಲ. ಚರ್ಮ ತೆಳುವಾಗಿರಲಿಲ್ಲ, ಸುಮ್ನೆ ತಾಗಿದರೆ ಕಂದುಗಟ್ಟುತ್ತಲೂ ಇರಲಿಲ್ಲ. ಕಾರ್ಟಿಸಾಲ್ ನಿಜಕ್ಕೂ ಅತಿಯಾಗುವ ಕುಶಿಂಗ್ ಕಾಯಿಲೆಯನ್ನು ನಾವು ಹುಡುಕುವುದು ಈ ಗುರುತುಗಳಲ್ಲಿ. ಮುಖ ದುಂಡಗಾಗಿದೆ ಎಂಬುದೊಂದೇ ಸಾಲದು.

ಆಮೇಲೆ ಮಾತ್ರೆಗಳನ್ನು ತೋರಿಸಲು ಹೇಳಿದೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತದೆಂದು ನಾಲ್ಕು ತಿಂಗಳಿಂದ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದರು. ಗರ್ಭ ನಿಲ್ಲದಿರಲು ಕೊಡುವ ಮಾತ್ರೆಯೇ ಅದು, ಈಸ್ಟ್ರೋಜನ್ ಇರುವಂಥದ್ದು. 29ರ ಗುಟ್ಟು ಇಲ್ಲಿತ್ತು. ರಕ್ತದಲ್ಲಿರುವ ಕಾರ್ಟಿಸಾಲ್‌ನ ಹೆಚ್ಚು ಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಬಿಡಿಯಾಗಿದ್ದು ಕೆಲಸ ಮಾಡುವುದು ನೂರರಲ್ಲಿ ಸುಮಾರು ಐದು ಪಾಲು ಅಷ್ಟೆ. ಈಸ್ಟ್ರೋಜನ್ ಸಿಕ್ಕರೆ ಲಿವರ್ ಆ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಲ್ಯಾಬ್ ಅಳೆಯುವುದು ಅಂಟಿದ್ದು, ಬಿಡಿಯಾಗಿದ್ದದ್ದು ಎರಡನ್ನೂ ಸೇರಿಸಿ. ಹಾಗಾಗಿ ಅಂಕಿ ಏರಿತ್ತು, ಕೆಲಸ ಮಾಡುವ ಕಾರ್ಟಿಸಾಲ್ ಏರಿರಲಿಲ್ಲ.

ಮಾತ್ರೆ ಇಲ್ಲದಿದ್ದರೂ ಆ ಅಂಕಿ ಟೆನ್ಷನ್ನಿನ ಅಳತೆಯಾಗುತ್ತಿರಲಿಲ್ಲ. ಮನಸ್ಸಿಗೆ ಒತ್ತಡವಾದಾಗ ಮೊದಲು ಮೆದುಳಿನ ಹೈಪೋಥಲಾಮಸ್‌ನಿಂದ ಸಿಆರ್‌ಎಚ್ ಹೊರಡುತ್ತದೆ. 1981ರಲ್ಲಿ ವೈಲಿ ವೇಲ್ ಅವರ ತಂಡ ಕುರಿಗಳ ಮೆದುಳಿನಿಂದ ಬೇರ್ಪಡಿಸಿ ಗುರುತಿಸಿದ ಹಾರ್ಮೋನ್ ಅದು. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನ್ ಬಿಡುತ್ತದೆ, ಆಗ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಅದೇ ಕಾರ್ಟಿಸಾಲ್ ಮೇಲಕ್ಕೆ ಹೋಗಿ "ಇನ್ನು ಸಾಕು" ಎಂದು ಎರಡೂ ಕಡೆ ಬಾಯಿ ಮುಚ್ಚಿಸುತ್ತದೆ. ಈ ತಡೆ ಇರುವುದರಿಂದಲೇ ವರ್ಷಗಟ್ಟಲೆ ಒತ್ತಡವಿದ್ದರೂ ಕಾರ್ಟಿಸಾಲ್ ಏರುತ್ತಲೇ ಹೋಗುವುದಿಲ್ಲ. 2007ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒತ್ತಡ ಹೊಸದಿದ್ದಾಗ ಅದು ಏರಿರುತ್ತದೆ, ಹಳೆಯದಾದಂತೆ ಇಳಿಯುತ್ತದೆ ಎಂಬುದು ಕಂಡಿತು. ಬೆಳಿಗ್ಗೆ ಏರಿ ರಾತ್ರಿ ಇಳಿಯುವ ದಿನದ ಲಯವೂ ಚಪ್ಪಟೆಯಾಗುತ್ತದೆ. ಆದರೆ ಇದು ಗುಂಪಿನ ಸರಾಸರಿ. ಒಬ್ಬರ ಒಂದು ಅಂಕಿ ನೋಡಿ ಅವರ ಮನಸ್ಸಿನ ಭಾರ ಹೇಳಲಾಗದು. ಹಾಗಂತ ಅಡ್ರಿನಲ್ "ದಣಿದು ಸೋತಿದೆ" ಎಂಬ ಮಾತಿಗೂ ಆಧಾರವಿಲ್ಲ.

ಸಿಆರ್‌ಎಚ್ ಅನ್ನೇ ತಡೆದರೆ ಮನಸ್ಸು ಹಗುರಾಗಬೇಕಲ್ವಾ? ಆಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ಖಿನ್ನತೆ ಇರುವ ಕೆಲವರ ಬೆನ್ನುಹುರಿಯ ದ್ರವದಲ್ಲಿ ಅದು ಹೆಚ್ಚಿತ್ತು. ಆದರೆ ಅದನ್ನು ತಡೆಯುವ ಔಷಧಿಗಳು ಖಿನ್ನತೆ, ಆತಂಕದ ಪ್ರಯೋಗಗಳಲ್ಲಿ ಕೈಕೊಟ್ಟವು. ಅದೇ ಬಗೆಯ ಔಷಧಿಯೊಂದಕ್ಕೆ, ಕ್ರಿನೆಸರ್ಫಾಂಟ್ ಅಂತ, 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಹುಟ್ಟಿನಿಂದ ಬರುವ ಅಡ್ರಿನಲ್ ಕಾಯಿಲೆಯೊಂದಕ್ಕೆ. ಹಾರ್ಮೋನಿನ ಸರಪಳಿಯನ್ನು ತಡೆಯಲು ಬಂತು, ದುಗುಡ ಕಳೆಯಲು ಬರಲಿಲ್ಲ. ದುಗುಡಕ್ಕೆ ಇದೊಂದೇ ದಾರಿಯಲ್ಲ ಎಂದು ನಾನು ಇದರಿಂದ ತಿಳಿಯುತ್ತೇನೆ.

ಗುರುತುಗಳೇ ಇಲ್ಲದ ಅವರಿಗೆ ಮುಂದಿನ ಪರೀಕ್ಷೆ ನಿಜಕ್ಕೂ ಬೇಕಿರಲಿಲ್ಲ. ಆದರೆ ಆ ಅಂಕಿ ಅವರ ನಿದ್ದೆ ಕೆಡಿಸಿತ್ತು. ಹೆರಿಗೆ ಡಾಕ್ಟರ ಜೊತೆ ಮಾತಾಡಿ ಮಾತ್ರೆ ಬದಲಿಸಿ, ಆರು ವಾರ ಕಾದೆವು. ಕಾರ್ಟಿಸಾಲ್‌ನಂತೆಯೇ "ಇನ್ನು ಸಾಕು" ಎನ್ನುವ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ರಾತ್ರಿ 11ಕ್ಕೆ 1 ಮಿಲಿಗ್ರಾಂ ನುಂಗಿ ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟರು. ಸರಪಳಿಯ ತಡೆ ಸರಿಯಿದ್ದರೆ ಕಾರ್ಟಿಸಾಲ್ 1.8ಕ್ಕಿಂತ ಕೆಳಗಿಳಿಯಬೇಕು. ಅವರದ್ದು 1.1.

ಸುಸ್ತಿನ ಕಾರಣ ಮೊದಲ ರಿಪೋರ್ಟಿನ ನಾಲ್ಕನೇ ಪುಟದಲ್ಲೇ ಇತ್ತು. ಹಿಮೋಗ್ಲೋಬಿನ್ 8.9. ಕಾರ್ಟಿಸಾಲ್ ಗಾಬರಿಯಲ್ಲಿ ಆ ಪುಟವನ್ನು ಯಾರೂ ತಿರುವಿ ನೋಡಿರಲಿಲ್ಲ. ಕಬ್ಬಿಣದ ಮಾತ್ರೆಯನ್ನು ಅವತ್ತೇ ಬರೆದುಕೊಟ್ಟೆ. "ರಾತ್ರಿ ಅತ್ತೆಗೆ ಎಷ್ಟು ಸಲ ಏಳ್ತೀರಿ?" ಎಂದು ಕೇಳಿದೆ. "ಮೂರು ಸಲ ಮೇಡಂ" ಎಂದರು. ಮುಂದಿನ ಸಲ ಬರುವಾಗ ಗಂಡನನ್ನೂ ನಾದಿನಿಯನ್ನೂ ಕರೆದುಕೊಂಡು ಬರಲು ಹೇಳಿದೆ. ಈಗ ವಾರದಲ್ಲಿ ನಾಲ್ಕು ರಾತ್ರಿ ಅವರಿಬ್ಬರು ಏಳುತ್ತಾರೆ.