ಸ್ಕ್ರೀನ್ ಮೇಲೆ ದಪ್ಪಗಾಗುವ ಕೂದಲು: ಫೋಟೊ ನೋಡಿ ವ್ಯಾಸ ಲೆಕ್ಕ ಹಾಕುವುದು

ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಚಿತ್ರದಲ್ಲಿ ಕೂದಲು ಎಷ್ಟು ಅಗಲ ಕಾಣುತ್ತದೋ ಅದನ್ನು ವರ್ಧನೆಯಿಂದ ಭಾಗಿಸಿದರೆ ನಿಜವಾದ ವ್ಯಾಸ ಸಿಗುತ್ತದೆ. ಅಚ್ಚಾದ ಚಿತ್ರದ ಕೆಳಗೆ ×400 ಎಂದು ಬರೆದಿದೆ, ಸ್ಕೇಲು ಇಟ್ಟು ಅಳೆದರೆ ಕೂದಲು 28 ಮಿ.ಮೀ. ಅಗಲ ಇದೆ ಎಂದುಕೊಳ್ಳಿ.

```
28 ÷ 400 = 0.07 mm
0.07 × 1000 = 70 µm
```

ಅವಸರದಲ್ಲಿ ನಾನು ಒಮ್ಮೆ ಭಾಗಿಸುವ ಬದಲು ಗುಣಿಸಿದ್ದೆ. 11,200 ಮಿ.ಮೀ. ಬಂತು, ಅಂದರೆ 11 ಮೀಟರ್ ದಪ್ಪದ ಕೂದಲು! ಇಂಥ ತಪ್ಪು ಒಳ್ಳೆಯದೇ, ತಾನಾಗಿಯೇ ಸಿಕ್ಕಿಬೀಳುತ್ತದೆ. ಸೊನ್ನೆಯೊಂದು ತಪ್ಪಿ 7 ಅಥವಾ 700 ಮೈಕ್ರೋಮೀಟರ್ ಬಂದರೆ ಕಣ್ಣು ತಪ್ಪಿಸಿ ಹೋಗಿಬಿಡುತ್ತದೆ. ಅದಕ್ಕೆ ಒಂದು ಅಂದಾಜು ತಲೆಯಲ್ಲಿರಲಿ: ಮನುಷ್ಯರ ತಲೆಕೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರೋಮೀಟರ್. ಅದಕ್ಕಿಂತ ತೆಳು, ದಪ್ಪ ಕೂದಲುಗಳೂ ಇವೆ. ಆದರೆ 7 ಬಂದರೂ 700 ಬಂದರೂ ಲೆಕ್ಕವನ್ನು ಮತ್ತೆ ನೋಡಬೇಕು.

ಎರಡು ಸಲ ಲೆಕ್ಕ ಮಾಡುವುದು ಬೇಜಾರು ಅನ್ನಿಸಿದರೆ ನನ್ನ ಇಷ್ಟದ ದಾರಿ ಇದು. ಮೊದಲೇ 1000ವನ್ನು ವರ್ಧನೆಯಿಂದ ಭಾಗಿಸಿ ಇಟ್ಟುಕೊಳ್ಳುತ್ತೇನೆ. 400ಕ್ಕೆ 2.5 ಬರುತ್ತದೆ. ಅಂದರೆ ಆ ಚಿತ್ರದಲ್ಲಿ ಪ್ರತಿ ಮಿ.ಮೀ.ಯೂ 2.5 ಮೈಕ್ರೋಮೀಟರ್‌ಗೆ ಸಮ. 28ಕ್ಕೆ 70. ವರ್ಧನೆ 100 ಇದ್ದರೆ ಒಂದು ಮಿ.ಮೀ.ಗೆ 10 ಮೈಕ್ರೋಮೀಟರ್. 1000 ಇದ್ದರೆ ಲೆಕ್ಕವೇ ಬೇಡ, ಸ್ಕೇಲಿನಲ್ಲಿ ಎಷ್ಟು ಮಿ.ಮೀ. ಬಂತೋ ಅಷ್ಟೇ ಮೈಕ್ರೋಮೀಟರ್.

ನಾನು ಎಡವಿದ್ದು ಎಲ್ಲಿ

ಇಷ್ಟು ಕಲಿತ ಧೈರ್ಯದ ಮೇಲೆ ಮೈಕ್ರೋಸ್ಕೋಪಿನಲ್ಲಿ ನನ್ನದೇ ಕೂದಲಿನ ಫೋಟೊ ತೆಗೆದೆ. ಕಣ್ಣಿಟ್ಟು ನೋಡುವ ಮಸೂರ 10×, ಕೆಳಗಿನ ಆಬ್ಜೆಕ್ಟಿವ್ 10×, ಒಟ್ಟು 100 ಪಟ್ಟು. ಮೊಬೈಲನ್ನು ಐಪೀಸಿಗೆ ಹಿಡಿದು ಕ್ಲಿಕ್ ಮಾಡಿದೆ. ಸ್ಕ್ರೀನ್ ಮೇಲೆ ಸ್ಕೇಲು ಇಟ್ಟರೆ ಕೂದಲು 2.5 ಮಿ.ಮೀ. ಇತ್ತು. 100ರಿಂದ ಭಾಗಿಸಿದರೆ 25 ಮೈಕ್ರೋಮೀಟರ್. ನನ್ನ ಕೂದಲು ಇಷ್ಟು ತೆಳುವೇ ಎಂದು ಅನುಮಾನ ಬಂತು. ಸರಿಯಾಗಿ ಅಳೆಯೋಣ ಎಂದು ಎರಡು ಬೆರಳಿಂದ ಫೋಟೊ ದೊಡ್ಡದು ಮಾಡಿದೆ. ಈಗ ಕೂದಲು 9 ಮಿ.ಮೀ. ಇತ್ತು. ಭಾಗಿಸಿದರೆ 90 ಮೈಕ್ರೋಮೀಟರ್!

ಕೂದಲು ಅದೇ, ಫೋಟೊ ಅದೇ, 100 ಎಂಬ ಸಂಖ್ಯೆಯೂ ಅದೇ. ಉತ್ತರ ಮಾತ್ರ ಎರಡು. ಸುಮಾರು ಹೊತ್ತು ನನ್ನ ಭಾಗಾಕಾರವನ್ನೇ ಅನುಮಾನಿಸಿದೆ. ತಪ್ಪು ಅಲ್ಲಿರಲಿಲ್ಲ. ಮೈಕ್ರೋಸ್ಕೋಪಿನ 100 ಪಟ್ಟು ನನ್ನ ಮೊಬೈಲಿನ ಸ್ಕ್ರೀನಿಗೆ ಸಂಬಂಧಪಟ್ಟಿದ್ದೇ ಅಲ್ಲ.

ಐಪೀಸ್ ಮತ್ತು ಆಬ್ಜೆಕ್ಟಿವ್ ಗುಣಿಸಿ ಬರುವ 100 ನಮ್ಮ ಕಣ್ಣಿಗೆ ಕಾಣುವ ಗಾತ್ರದ ಲೆಕ್ಕ. ಒಂದು ವಸ್ತುವನ್ನು ಬರಿಗಣ್ಣಿಂದ 250 ಮಿ.ಮೀ. ದೂರದಲ್ಲಿಟ್ಟು ನೋಡಿದರೆ ಎಷ್ಟು ದೊಡ್ಡದಾಗಿ ಕಾಣುತ್ತದೋ, ಅದರ 100 ಪಟ್ಟು ಎಂದರ್ಥ. ಮೊಬೈಲ್ ಕ್ಯಾಮೆರಾ ಆ ನೋಟವನ್ನು ತನ್ನ ಪುಟ್ಟ ಸೆನ್ಸರ್‌ಗೆ ಕುಗ್ಗಿಸುತ್ತದೆ. ಸ್ಕ್ರೀನ್ ಅದನ್ನು ಮತ್ತೆ ತನ್ನ ಅಗಲಕ್ಕೆ ಹಿಗ್ಗಿಸುತ್ತದೆ. ಇಷ್ಟೆಲ್ಲಾ ಆದ ಮೇಲೂ ಅದು 100 ಪಟ್ಟಾಗಿಯೇ ಉಳಿಯಲು ಕಾರಣವೇ ಇಲ್ಲ, ಅಲ್ವಾ? ಯುಎಸ್‌ಬಿ ಮೈಕ್ರೋಸ್ಕೋಪುಗಳ ಡಬ್ಬಿಯ ಮೇಲಿನ ಸಂಖ್ಯೆಗೂ ಇದೇ ಮಾತು. ಎಷ್ಟು ದೊಡ್ಡ ಪರದೆಯಲ್ಲಿ ನೋಡಿದರೆ ಅಷ್ಟು ಪಟ್ಟು ಎಂದು ತಿಳಿಯದೆ ಭಾಗಿಸಿ ಪ್ರಯೋಜನವಿಲ್ಲ.

ಹಾಗಾದರೆ ಅಚ್ಚಾದ ಚಿತ್ರದಲ್ಲಿ ಲೆಕ್ಕ ಸರಿ ಬಂದಿದ್ದು ಹೇಗೆ? ಅಲ್ಲಿ ×400 ಎಂದು ಬರೆದಿದ್ದು ಆ ಕಾಗದದ ಮೇಲೆ, ಆ ಗಾತ್ರದಲ್ಲಿ ಅಚ್ಚಾದ ಚಿತ್ರಕ್ಕೆ. ಅದೇ ಚಿತ್ರವನ್ನು ಅರ್ಧ ಗಾತ್ರಕ್ಕೆ ಜೆರಾಕ್ಸ್ ಮಾಡಿಸಿದರೆ ಅದು ×200 ಆಗುತ್ತದೆ. ಕೆಳಗೆ ಬರೆದ 400 ಮಾತ್ರ ಸುಮ್ನೆ ಹಾಗೇ ಉಳಿದಿರುತ್ತದೆ. ಹಾಗಾಗಿ ವರ್ಧನೆಯ ಸಂಖ್ಯೆ ಕಂಡಾಗಲೆಲ್ಲ, ಇದು ಯಾವ ಗಾತ್ರದ ಚಿತ್ರಕ್ಕೆ ಎಂದು ಕೇಳಿಕೊಳ್ಳುವುದು ಈಗ ನನಗೆ ಅಭ್ಯಾಸವಾಗಿದೆ. ಚಿತ್ರದೊಳಗೇ ಅಳತೆಪಟ್ಟಿ ಇದ್ದರೆ, ಅಂದರೆ '100 ಮೈಕ್ರೋಮೀಟರ್' ಎಂದು ಬರೆದ ಚಿಕ್ಕ ಗೆರೆ ಇದ್ದರೆ, ಸಂಖ್ಯೆ ಬಿಟ್ಟು ಅದನ್ನೇ ನಂಬಿ. ಚಿತ್ರ ಹಿಗ್ಗಿದರೆ ಅದೂ ಹಿಗ್ಗುತ್ತದೆ.

ಸುತ್ತಲಿನ ವೃತ್ತವೇ ಅಳತೆಗೋಲು

ನನ್ನ ಫೋಟೊದಲ್ಲಿ ಅಳತೆಪಟ್ಟಿ ಇರಲಿಲ್ಲ. ಆದರೆ ಬೆಳಕಿನ ದುಂಡನೆಯ ವೃತ್ತ ಪೂರ್ತಿಯಾಗಿ ಬಂದಿತ್ತು. ಆ ವೃತ್ತದ ನಿಜವಾದ ಅಗಲ ತಿಳಿದರೆ ಸಾಕು. ಐಪೀಸಿನ ಮೇಲೆ ಎಷ್ಟೋ ಸಲ 10×/18 ಎಂದು ಬರೆದಿರುತ್ತದೆ. ಆ 18ನ್ನು ಆಬ್ಜೆಕ್ಟಿವ್‌ನ ವರ್ಧನೆಯಿಂದ ಭಾಗಿಸಿದರೆ ವೃತ್ತದೊಳಗೆ ಕಾಣುವ ಜಾಗದ ಅಗಲ ಮಿ.ಮೀ.ನಲ್ಲಿ ಬರುತ್ತದೆ. 4×ಗೆ 4.5, 10×ಗೆ 1.8, 40×ಗೆ 0.45. ಇಲ್ಲಿ ಭಾಗಿಸಬೇಕಾದದ್ದು ಆಬ್ಜೆಕ್ಟಿವ್‌ನಿಂದ ಮಾತ್ರ, ಒಟ್ಟು ವರ್ಧನೆಯಿಂದ ಅಲ್ಲ. ಇಲ್ಲೂ ನಾನು ಒಂದು ಸಲ ಜಾರಿದ್ದೇನೆ.

ಐಪೀಸ್ ಮೇಲೆ ಏನೂ ಬರೆದಿರದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನೇ 4× ಆಬ್ಜೆಕ್ಟಿವ್ ಕೆಳಗೆ ಇಡಿ. ತೆಳ್ಳಗಿನ ಗೆರೆಗಳು ಅಲ್ಲಿ ಕಪ್ಪು ತೊಲೆಗಳ ಹಾಗೆ ಕಾಣುತ್ತವೆ. ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿನವರೆಗೆ ಒಂದು ಮಿ.ಮೀ. ಹೀಗೆ ಎಣಿಸಿದಾಗ ನನಗೆ ನಾಲ್ಕೂವರೆ ಸಿಕ್ಕಿತು. ಅಲ್ಲಿಂದ 10×ಗೆ ಹೋಗಲು 4ರಿಂದ ಗುಣಿಸಿ 10ರಿಂದ ಭಾಗಿಸಿದರೆ 1.8. ನೇರವಾಗಿ 40× ಕೆಳಗೆ ಸ್ಕೇಲು ಇಡಲು ಹೋಗಬೇಡಿ. ಒಂದು ಮಿ.ಮೀ. ಕೂಡ ಒಳಗೆ ಹಿಡಿಯುವುದಿಲ್ಲ, ಮಸೂರ ಸ್ಕೇಲಿಗೆ ತಾಗುವ ಭಯ ಬೇರೆ.

ಈಗ ಮತ್ತೆ ಅದೇ ಫೋಟೊ. ದೊಡ್ಡದು ಮಾಡುವ ಮೊದಲು ಸ್ಕ್ರೀನ್ ಮೇಲೆ ವೃತ್ತ 62 ಮಿ.ಮೀ., ಕೂದಲು 2.5 ಮಿ.ಮೀ.

```
2.5 ÷ 62 × 1800 ≈ 73 µm
```

ಸ್ಕ್ರೀನ್ ಮೇಲಿನ ನಿಜವಾದ ವರ್ಧನೆಯೂ ಇದರಿಂದಲೇ ಸಿಗುತ್ತದೆ. 62ನ್ನು 1.8ರಿಂದ ಭಾಗಿಸಿದರೆ ಸುಮಾರು 34. ನಾನು 34ರ ಜಾಗದಲ್ಲಿ 100 ಹಾಕಿದ್ದೆ. ಕೂದಲು ಮೂರು ಪಟ್ಟು ತೆಳ್ಳಗಾಗಿದ್ದು ಅದಕ್ಕೇ. ಈ ವಿಧಾನದಲ್ಲಿ ಫೋಟೊವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಕೂದಲೂ ವೃತ್ತವೂ ಒಟ್ಟಿಗೆ ಹಿಗ್ಗುವುದರಿಂದ ಭಾಗಲಬ್ಧ ಬದಲಾಗುವುದಿಲ್ಲ. ಎರಡನ್ನೂ ಒಂದೇ ಹಿಗ್ಗುವಿಕೆಯಲ್ಲಿ ಅಳೆಯಬೇಕು, ಅಷ್ಟೇ.

ಆದರೆ 2.5 ಮಿ.ಮೀ.ಯನ್ನು ಸ್ಕೇಲಿನಲ್ಲಿ ಅಳೆಯುವುದೇ ಒರಟು ಕೆಲಸ. ಅರ್ಧ ಮಿ.ಮೀ. ಆಚೀಚೆ ಆದರೆ ಉತ್ತರ 58ರಿಂದ 87ರವರೆಗೆ ಓಡಾಡುತ್ತದೆ. ಅದಕ್ಕೇ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಪಿಕ್ಸೆಲ್ ಎಣಿಸಿದೆ. ಚಿತ್ರ ತಿದ್ದುವ ಯಾವ ಸಾಮಾನ್ಯ ತಂತ್ರಾಂಶವಾದರೂ ಸಾಕು, ಕರ್ಸರ್ ಇಟ್ಟ ಜಾಗದ ಸಂಖ್ಯೆ ತೋರಿಸಿದರಾಯಿತು. ವೃತ್ತ 2480 ಪಿಕ್ಸೆಲ್. ಕೂದಲನ್ನು ಐದು ಕಡೆ ಅಳೆದೆ: 94, 98, 101, 97, 100. ಸರಾಸರಿ 98.

```
98 ÷ 2480 × 1800 ≈ 71 µm
```

ಅಂಚು ಎಲ್ಲಿ, ಅಡ್ಡ ಯಾವುದು

ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿದಾಗ ಕೂದಲಿನ ಅಂಚು ಒಂದು ಗೆರೆಯಾಗಿ ಉಳಿಯಲಿಲ್ಲ. ಹೊರಗೆ ಬಿಳುಪು, ಆಮೇಲೆ ಬೂದು, ಆಮೇಲೆ ದಪ್ಪ ಕಪ್ಪು ಪಟ್ಟಿ, ಒಳಗೆ ಮತ್ತೆ ಕಂದು ಬೆಳಕು. ಮೊದಲ ಸಲ ಕಪ್ಪು ಪಟ್ಟಿಗಳನ್ನು ಬಿಟ್ಟು ಒಳಗಿನ ಬೆಳಕನ್ನಷ್ಟೇ ಅಳೆದು ಮೋಸ ಹೋದೆ. ಗಾಳಿಯಲ್ಲಿರುವ ಕೂದಲು ತಾನೇ ಒಂದು ಚಿಕ್ಕ ಮಸೂರದ ಹಾಗೆ ಬೆಳಕನ್ನು ಬಗ್ಗಿಸುತ್ತದೆ. ಅಂಚಿನ ಬೆಳಕು ಪಕ್ಕಕ್ಕೆ ಹೋಗಿ ಆ ಜಾಗ ಕಪ್ಪಾಗುತ್ತದೆ. ಆ ಕಪ್ಪೂ ಕೂದಲೇ. ಬಿಳುಪು ಬೂದಾಗುವ ಜಾಗದಿಂದ ಆಚೆಯ ಅಂಥದೇ ಜಾಗದವರೆಗೆ ಅಳೆಯಬೇಕು. ಒಂದು ಹನಿ ನೀರು ಹಾಕಿ ಮೇಲೆ ಕವರ್ ಗಾಜು ಮುಚ್ಚಿದರೆ ಆ ಪಟ್ಟಿ ಸಣ್ಣದಾಗುತ್ತದೆ, ಅಂಚು ಹಿಡಿಯುವುದು ಸುಲಭ. ಅಷ್ಟಾದರೂ ಎರಡೂ ಅಂಚು ಸೇರಿ ನಾಲ್ಕು ಪಿಕ್ಸೆಲ್ ಅನುಮಾನ ಉಳಿಯಿತು. ಅಂದರೆ ಸುಮಾರು 3 ಮೈಕ್ರೋಮೀಟರ್. ಹಾಗಾಗಿ ಕ್ಯಾಲ್ಕುಲೇಟರ್ ತೋರಿಸಿದ 71.129 ಬರೆಯಲು ನನಗೆ ಮನಸ್ಸಾಗಲಿಲ್ಲ. 71, ಮೂರು ಹೆಚ್ಚು ಕಡಿಮೆ ಎಂದು ಬರೆದೆ.

ಇನ್ನೊಂದು ವಿಷಯ, ಕೂದಲು ಫೋಟೊದಲ್ಲಿ ಓರೆಯಾಗಿ ಬಿದ್ದಿರುತ್ತದೆ. ಸ್ಕೇಲನ್ನು ಅಡ್ಡಡ್ಡ ಹಿಡಿದರೆ ಅಗಲ ಜಾಸ್ತಿ ಬರುತ್ತದೆ. ನೆಟ್ಟಗೆ ನಿಲ್ಲುವ ಬದಲು 30 ಡಿಗ್ರಿ ವಾಲಿದ್ದರೆ 15 ಶೇಕಡದಷ್ಟು ಜಾಸ್ತಿ. ಮೊದಲು ಫೋಟೊ ತಿರುಗಿಸಿ ಕೂದಲನ್ನು ನೆಟ್ಟಗೆ ಮಾಡಿಕೊಂಡರೆ ಈ ತಲೆನೋವೇ ಇಲ್ಲ. ಕೂದಲಿನ ಅಡ್ಡಕೊಯ್ತ ಪೂರ್ತಿ ದುಂಡಗಿರುವುದಿಲ್ಲ ಎಂಬುದೂ ನೆನಪಿರಲಿ. ಎಷ್ಟೋ ಕೂದಲು ಸ್ವಲ್ಪ ಚಪ್ಪಟೆ. ಗಾಜಿನ ಮೇಲೆ ಹೊರಳಿಸಿ ಮತ್ತೆ ಅಳೆದರೆ ಬೇರೆ ಸಂಖ್ಯೆ ಬರಬಹುದು, ಅದು ನಿಮ್ಮ ತಪ್ಪಲ್ಲ.

ದಾರವಾದರೆ

ಹೊಲಿಗೆ ದಾರಕ್ಕೆ 4× ಆಬ್ಜೆಕ್ಟಿವ್ ಸಾಕು. ಅದೇ 2480 ಪಿಕ್ಸೆಲ್ ವೃತ್ತ ಈಗ 4500 ಮೈಕ್ರೋಮೀಟರ್. ದಾರ 155 ಪಿಕ್ಸೆಲ್ ಬಂತು, ಅಂದರೆ ಸುಮಾರು 280 ಮೈಕ್ರೋಮೀಟರ್. ಪಕ್ಕಕ್ಕೆ ಚಾಚಿಕೊಂಡ ನವಿರು ಎಳೆಗಳನ್ನು ಬಿಟ್ಟು ಹುರಿಯ ಗಟ್ಟಿ ಭಾಗವನ್ನಷ್ಟೇ ಅಳೆದೆ. ಚಾಚಿದ ಒಂದು ಎಳೆಯನ್ನೂ ಅಳೆಯಲು ನೋಡಿದೆ, 9 ಪಿಕ್ಸೆಲ್ ಇತ್ತು. ಅಷ್ಟು ಸಣ್ಣದರಲ್ಲಿ ಎರಡು ಪಿಕ್ಸೆಲ್ ತಪ್ಪಿದರೂ ಉತ್ತರ ಕೆಡುತ್ತದೆ. ಅದಕ್ಕೆ 40× ಬೇಕು.

ದಾರದಲ್ಲಿ ಇರುವ ಅನುಕೂಲವೆಂದರೆ ಮೈಕ್ರೋಸ್ಕೋಪ್ ಇಲ್ಲದೆಯೇ ಉತ್ತರವನ್ನು ತಾಳೆ ನೋಡಬಹುದು. ಪೆನ್ಸಿಲ್ಲಿಗೆ ಒಂದರ ಪಕ್ಕ ಒಂದು ತಾಗುವಂತೆ 20 ಸುತ್ತು ಸುತ್ತಿದೆ. ಸುತ್ತಿದ ಭಾಗ ಐದೂವರೆ ಮಿ.ಮೀ. ಇತ್ತು. 20ರಿಂದ ಭಾಗಿಸಿದರೆ 275 ಮೈಕ್ರೋಮೀಟರ್. ಎರಡನೇ ಸಲ ಸುತ್ತುಗಳನ್ನು ಉಗುರಿನಿಂದ ಒತ್ತಿ ಕೂಡಿಸಿದಾಗ ಐದು ಮಿ.ಮೀ.ಗೆ ಇಳಿಯಿತು, ಅಂದರೆ 250. ದಾರ ಮೆತ್ತಗಿರುವುದರಿಂದ ಒತ್ತಿದಷ್ಟು ಕುಗ್ಗುತ್ತದೆ. ಅದಕ್ಕೇ ನಾನು ಬರೆದುಕೊಂಡಿದ್ದು ಒತ್ತದೆ ಸುತ್ತಿದಾಗ ಬಂದ ಅಳತೆಯನ್ನು.