ಮೂರು ಲಕ್ಷ ಪೇಜ್ ಫಾಲ್ಟ್ ಕಂಡು ರ‍್ಯಾಮ್ ಬದಲಾಯಿಸುವ ಮೊದಲು

ಸರ್ವರ್ ನಿಧಾನವಾಗಿದೆ ಎಂದು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಸ್ಕ್ರೀನ್‌ಶಾಟ್ ಇರುತ್ತದೆ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರಿನ ಪೇಜ್ ಫಾಲ್ಟ್ ಕಾಲಂ, ಲಿನಕ್ಸ್ ಆದರೆ `ps` ತೋರಿಸಿದ ಅಂಕಿ. ಅದಕ್ಕೊಂದು ಕೆಂಪು ವೃತ್ತ ಹಾಕಿ, "ಸರ್, ಮೂರು ಲಕ್ಷ ಫಾಲ್ಟ್ ಇದೆ, ರ‍್ಯಾಮ್ ಹೋಗಿದೆಯಾ?" ಎನ್ನುತ್ತಾರೆ. ಕೆಲವರು ಕೇಳುವಷ್ಟರಲ್ಲಿ ರ‍್ಯಾಮ್ ಬದಲಾಯಿಸಿಯೂ ಆಗಿರುತ್ತದೆ. ಅಂಕಿ ಮಾತ್ರ ಹಾಗೇ ಏರುತ್ತಿರುತ್ತದೆ, ಏಕೆಂದರೆ ಅದು ಏರಲೇಬೇಕಾದ ಅಂಕಿ.

ಒಂದು ಪ್ರೋಗ್ರಾಂ 100 ಎಂಬಿ ಮೆಮೊರಿ ಕೇಳಿತು ಎನ್ನಿ. ಕರ್ನೆಲ್ ಆಗ ರ‍್ಯಾಮ್ ಕೊಡುವುದಿಲ್ಲ, ವಿಳಾಸಗಳ ಒಂದು ವ್ಯಾಪ್ತಿಯನ್ನು ಆ ಪ್ರೋಗ್ರಾಂ ಹೆಸರಿಗೆ ಬರೆದುಕೊಂಡು ಸುಮ್ಮನಾಗುತ್ತದೆ. ಪ್ರೋಗ್ರಾಂ ಆ ವ್ಯಾಪ್ತಿಯ ಒಂದು ಪುಟಕ್ಕೆ ಮೊದಲ ಸಲ ಬರೆಯಲು ಹೋದಾಗ ಪ್ರೊಸೆಸರ್ ಪೇಜ್ ಟೇಬಲ್ ನೋಡುತ್ತದೆ. ಅಲ್ಲಿ ಆ ಪುಟಕ್ಕೆ ರ‍್ಯಾಮಿನ ಯಾವ ಫ್ರೇಮೂ, ಅಂದರೆ ಪುಟದ ಅಳತೆಯ ಯಾವ ತುಂಡೂ, ಜೋಡಣೆಯಾಗಿಲ್ಲ. ಕೂಡಲೇ ಅದು ಕೆಲಸ ನಿಲ್ಲಿಸಿ ಕರ್ನೆಲ್ಲನ್ನು ಕರೆಯುತ್ತದೆ. ಇದೇ ಪೇಜ್ ಫಾಲ್ಟ್. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲಿ ಇದು 14ನೇ ಎಕ್ಸೆಪ್ಷನ್. ಯಾವ ವಿಳಾಸದಲ್ಲಿ ಸಿಕ್ಕಿಕೊಂಡಿತು ಎಂಬುದು `CR2` ರಿಜಿಸ್ಟರಿನಲ್ಲಿರುತ್ತದೆ. ಆ ವಿಳಾಸ ಪ್ರೋಗ್ರಾಂ ಹೆಸರಿಗೆ ಬರೆದ ವ್ಯಾಪ್ತಿಯೊಳಗೆ ಇದೆಯೇ ಎಂದು ಕರ್ನೆಲ್ ನೋಡುತ್ತದೆ. ಇಲ್ಲದಿದ್ದರೆ ನಿಮಗೆಲ್ಲ ಪರಿಚಯವಿರುವ ಸೆಗ್ಮೆಂಟೇಷನ್ ಫಾಲ್ಟ್. ಇದ್ದರೆ ಖಾಲಿ ಫ್ರೇಮ್ ಒಂದನ್ನು ಸೊನ್ನೆ ತುಂಬಿ ಶುಚಿ ಮಾಡಿ, ಟೇಬಲ್ಲಿನಲ್ಲಿ ನಮೂದಿಸಿ, ನಿಂತಿದ್ದ ಅದೇ ಸೂಚನೆಯನ್ನು ಮತ್ತೆ ನಡೆಸುತ್ತದೆ. ಪ್ರೋಗ್ರಾಮಿಗೆ ಇದೇನೂ ಗೊತ್ತಾಗುವುದೇ ಇಲ್ಲ. ಲೆಕ್ಕದಲ್ಲಿ ಮಾತ್ರ ಒಂದು ಫಾಲ್ಟ್ ಏರಿತು.

ಪುಟವೊಂದಕ್ಕೆ 4 ಕೆಬಿಯಾದರೆ 100 ಎಂಬಿಗೆ 25,600 ಪುಟಗಳು. ನೀವೇ ನೋಡಬಹುದು:

```c
#include <stdlib.h>
int main(void) {
    size_t n = 100UL * 1024 * 1024;
    volatile char *p = malloc(n);
    if (!p) return 1;
    for (size_t i = 0; i < n; i += 4096) p[i] = 1;
}
```

ಇದನ್ನು `/usr/bin/time -v ./a.out` ಎಂದು ಓಡಿಸಿದರೆ `Minor` ಎಂಬ ಸಾಲಿನಲ್ಲಿ 25,600ಕ್ಕಿಂತ ತುಸು ಹೆಚ್ಚು ಬರುತ್ತದೆ. ನಿಮ್ಮ ಯಂತ್ರದಲ್ಲಿ ಕೆಲವೇ ನೂರು ಬಂದರೆ ಅಚ್ಚರಿ ಬೇಡ: `/sys/kernel/mm/transparent_hugepage/enabled` ಕಡತದಲ್ಲಿ `always` ಆಯ್ಕೆಯಾಗಿದ್ದರೆ ಕರ್ನೆಲ್ 4 ಕೆಬಿಯ ಬದಲು 2 ಎಂಬಿಯ ದೊಡ್ಡ ಪುಟಗಳನ್ನು ಕೊಡುತ್ತದೆ. ಅದೇ ಪ್ರೋಗ್ರಾಂ, ಅದೇ ರ‍್ಯಾಮ್, ಫಾಲ್ಟ್ ಮಾತ್ರ ಸಾವಿರಗಳಿಂದ ನೂರಕ್ಕೆ ಇಳಿಯಿತು. ಈ ಅಂಕಿ ನೋಡಿ ಹಾರ್ಡ್‌ವೇರ್ ಆರೋಗ್ಯ ಹೇಳುವುದು ಹೇಗೆ?

ಇವು ಮೈನರ್ ಫಾಲ್ಟುಗಳು. ಡಿಸ್ಕ್ ಮುಟ್ಟುವ ಪ್ರಮೇಯವಿಲ್ಲ. ಪುಟದ ವಿಷಯ ರ‍್ಯಾಮಿನಲ್ಲಿ ಇಲ್ಲದೆ ಡಿಸ್ಕಿನಿಂದ ಓದಿ ತರಬೇಕಾದರೆ ಅದು ಮೇಜರ್, ವಿಂಡೋಸ್ ರಿಸೋರ್ಸ್ ಮಾನಿಟರಿನಲ್ಲಿ `Hard Faults/sec`. ನೋವು ಇರುವುದು ಇಲ್ಲಿ. ರ‍್ಯಾಮ್ ತಲುಪಲು ಸುಮಾರು 100 ನ್ಯಾನೊಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಎಂದು ಹಿಡಿಯಿರಿ. ಸಾವಿರ ಸಲ ಮೆಮೊರಿ ಮುಟ್ಟಿದಾಗ ಒಂದೇ ಒಂದು ಸಲ ಡಿಸ್ಕಿಗೆ ಹೋದರೂ ಸರಾಸರಿ 10 ಮೈಕ್ರೊಸೆಕೆಂಡಿಗೆ ಏರುತ್ತದೆ, ಅಂದರೆ ನೂರು ಪಟ್ಟು ನಿಧಾನ. 100 ಮೈಕ್ರೊಸೆಕೆಂಡಿನ ಎಸ್‌ಎಸ್‌ಡಿಯಾದರೆ ಅದೇ ಲೆಕ್ಕದಲ್ಲಿ ಎರಡು ಪಟ್ಟು. ಹಳೆಯ ಡಿಸ್ಕ್ ಇರುವ ಕಚೇರಿಗಳಲ್ಲಿ ಗೋಳು ಹೆಚ್ಚು ಕೇಳಿಸುವುದು ಇದಕ್ಕೇ.

ಮೇಜರ್ ಫಾಲ್ಟ್ ಪದೇ ಪದೇ ಆಗುವುದು ಫ್ರೇಮುಗಳು ಸಾಲದಾದಾಗ. ಹೊಸ ಪುಟಕ್ಕೆ ಜಾಗ ಬೇಕೆಂದರೆ ಹಳೆಯದೊಂದನ್ನು ಹೊರಹಾಕಬೇಕು, ಯಾವುದನ್ನು ಎಂಬುದೇ ಪ್ರಶ್ನೆ. ಮೂರೇ ಫ್ರೇಮುಗಳಿವೆ, ಪ್ರೋಗ್ರಾಂ 1, 2, 3, 1, 4, 1, 2, 1 ಈ ಕ್ರಮದಲ್ಲಿ ಪುಟಗಳನ್ನು ಕೇಳುತ್ತದೆ ಎನ್ನಿ.

ಮೊದಲು ಬಂದದ್ದು ಮೊದಲು ಹೊರಗೆ ಎಂಬ ಫಿಫೊ ನಿಯಮದಲ್ಲಿ 1, 2, 3 ಬರುವಾಗ ಮೂರು ಫಾಲ್ಟ್. ಮುಂದಿನ 1 ಸಿಗುತ್ತದೆ. 4 ಬಂದಾಗ ಎಲ್ಲಕ್ಕಿಂತ ಮೊದಲು ಬಂದಿದ್ದ 1 ಹೊರಗೆ. ಮರುಕ್ಷಣವೇ 1 ಬೇಕು! ಅದಕ್ಕಾಗಿ 2 ಹೊರಗೆ, ಆಮೇಲೆ 2 ಬೇಕಾಗಿ 3 ಹೊರಗೆ. ಕೊನೆಯ 1 ಸಿಗುತ್ತದೆ. ಒಟ್ಟು 6 ಫಾಲ್ಟ್. ಪುಟ ಎಷ್ಟು ಬಳಕೆಯಲ್ಲಿದೆ ಎಂಬುದನ್ನು ಫಿಫೊ ನೋಡುವುದೇ ಇಲ್ಲ.

ಬಹಳ ಹೊತ್ತಿನಿಂದ ಬಳಸದ ಪುಟವನ್ನು ತೆಗೆಯುವ ಎಲ್‌ಆರ್‌ಯು ನಿಯಮದಲ್ಲಿ, 4 ಬಂದಾಗ 1 ಈಗಷ್ಟೇ ಬಳಕೆಯಾಗಿದೆ, ಆದ್ದರಿಂದ 2 ಹೋಗುತ್ತದೆ. ಮುಂದಿನ 1 ಸಿಗುತ್ತದೆ. 2 ಬೇಕಾದಾಗ 3 ಹೋಗುತ್ತದೆ. ಒಟ್ಟು 5. ಮುಂದೇನು ಬರುತ್ತದೆಂದು ಗೊತ್ತಿದ್ದರೆ 4 ಬಂದಾಗಲೇ 3ನ್ನು ಕಳಿಸಿ 4 ಫಾಲ್ಟಿಗೆ ಮುಗಿಸಬಹುದಿತ್ತು. ನಾಲ್ಕು ಬೇರೆ ಬೇರೆ ಪುಟಗಳಿರುವುದರಿಂದ ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಆದರೆ ಯಾವ ಕರ್ನೆಲ್ಲಿಗೂ ಭವಿಷ್ಯ ಗೊತ್ತಿಲ್ಲ. ಅಪ್ಪಟ ಎಲ್‌ಆರ್‌ಯು ಕೂಡ ದುಬಾರಿ, ಪ್ರತಿ ಸಲ ಮುಟ್ಟಿದಾಗಲೂ ಸಮಯ ಬರೆದಿಡಬೇಕು. ಹಾಗಾಗಿ ಪುಟ ಮುಟ್ಟಿದೊಡನೆ ಪ್ರೊಸೆಸರ್ ಹಾಕುವ ಒಂದು ಬಿಟ್ ಗುರುತನ್ನು ಆಗಾಗ ನೋಡಿ ಅಳಿಸುತ್ತಾ, ಕರ್ನೆಲ್ ಅಂದಾಜಿನಲ್ಲಿ ನಡೆಸುತ್ತದೆ.

ಎಲ್‌ಆರ್‌ಯು ಇದ್ದರೆ ಚಿಂತೆಯಿಲ್ಲ ಎಂದುಕೊಳ್ಳುವವರು 1, 2, 3, 4, 1, 2, 3, 4 ಎಂಬ ಸುತ್ತನ್ನು ಅದೇ ಮೂರು ಫ್ರೇಮುಗಳಲ್ಲಿ ಬಿಡಿಸಿ ನೋಡಲಿ. ಪ್ರತಿ ಸಲವೂ ಮುಂದೆ ಬೇಕಾಗುವ ಪುಟವೇ ಹೊರಹೋಗಿ ಎಂಟಕ್ಕೆ ಎಂಟೂ ಫಾಲ್ಟ್. ಒಂದು ಫ್ರೇಮ್ ಹೆಚ್ಚು ಕೊಟ್ಟರೆ ನಾಲ್ಕೇ, ಆಮೇಲೆ ಎಷ್ಟು ಸುತ್ತು ಹೊಡೆದರೂ ಒಂದೂ ಇಲ್ಲ. "ನಿನ್ನೆವರೆಗೆ ಸರಿಯಿತ್ತು, ಡೇಟಾ ಸ್ವಲ್ಪವೇ ಹೆಚ್ಚಿದೆ" ಎಂಬ ದೂರು ಬಂದಾಗ ಮೊದಲು ಸಂಶಯ ಪಡಬೇಕಾದ್ದು ಇದನ್ನೇ.

ಇಲ್ಲಿ ಇನ್ನೊಂದು ಉಪಾಯ ತೆಗೆಯುತ್ತಾರೆ: `swapoff -a`. ಹೊರಹಾಕಿದ ಪುಟಗಳನ್ನು ಇಡುವ ಡಿಸ್ಕಿನ ಜಾಗವೇ ಸ್ವಾಪ್, ಅದು ಇಲ್ಲದಿದ್ದರೆ ಡಿಸ್ಕಿಗೆ ಹೋಗುವುದೇ ಇಲ್ಲವಲ್ಲ ಎಂಬ ತರ್ಕ. ಹೋಗುತ್ತದೆ. `malloc` ಮೂಲಕ ಪಡೆದು ಬರೆದ ಪುಟಗಳಿಗೆ ಡಿಸ್ಕಿನಲ್ಲಿ ಪ್ರತಿಯಿಲ್ಲ, ಸ್ವಾಪ್ ಇಲ್ಲದೆ ಅವನ್ನು ಹೊರಹಾಕಲಾಗದು. ಉಳಿಯುವುದು ಕಡತದಿಂದ ಬಂದ ಪುಟಗಳು, ಅವುಗಳಲ್ಲಿ ಪ್ರೋಗ್ರಾಮಿನ ಕೋಡ್ ಕೂಡ ಸೇರಿದೆ. ಜಾಗ ಬಿಗಿಯಾದಾಗ ಕರ್ನೆಲ್ ಓಡುತ್ತಿರುವ ಕೋಡಿನ ಪುಟಗಳನ್ನೇ ಬಿಟ್ಟುಕೊಟ್ಟು ಮತ್ತೆ ಮತ್ತೆ ಓದುತ್ತದೆ. ಸ್ವಾಪ್ ಅಂಕಿ ಸೊನ್ನೆ, ಡಿಸ್ಕ್ ಲೈಟ್ ಆರುವುದಿಲ್ಲ, ಕೀಲಿಮಣೆ ಒತ್ತಿದರೆ ಪ್ರತಿಕ್ರಿಯೆಯಿಲ್ಲ. ಸ್ವಾಪ್ ಆರಿಸುವುದು ಎಲ್ಲೆಡೆ ತಪ್ಪೆಂದು ಹೇಳಲಾರೆ, ಕೆಲವು ವ್ಯವಸ್ಥೆಗಳಿಗೆ ಅದೇ ಬೇಕಾಗಿರುತ್ತದೆ. ಮೆಮೊರಿ ಕೊರತೆಗೆ ಮಾತ್ರ ಅದು ಮದ್ದಲ್ಲ.

ಹಾಗಾದರೆ ಏನು ನೋಡಬೇಕು? ಪ್ರೋಗ್ರಾಂ ನಿಧಾನವಾಗಿರುವ ಹೊತ್ತಿನಲ್ಲೇ ಇದನ್ನು ಹತ್ತು ಸೆಕೆಂಡ್ ಅಂತರದಲ್ಲಿ ಎರಡು ಸಲ ಓಡಿಸಿ (`1234` ಜಾಗದಲ್ಲಿ ನಿಮ್ಮ ಪ್ರೋಗ್ರಾಮಿನ ಸಂಖ್ಯೆ):

```
ps -o pid,min_flt,maj_flt,rss,comm -p 1234
```

`min_flt`, `maj_flt` ಎರಡೂ ಕಾಲಂ ಪ್ರೋಗ್ರಾಂ ಶುರುವಾದಾಗಿನ ಒಟ್ಟು ಲೆಕ್ಕ, ಆದ್ದರಿಂದ ವ್ಯತ್ಯಾಸ ಮುಖ್ಯ. `maj_flt` ಅಲುಗದಿದ್ದರೆ ಆ ಪ್ರೋಗ್ರಾಮಿನ ನಿಧಾನಕ್ಕೆ ಕಾರಣ ಬಹುತೇಕ ಬೇರೆ ಕಡೆ ಇದೆ. ಏರುತ್ತಿದ್ದರೆ `vmstat 1` ಹಾಕಿ ಸ್ವಾಪಿನಿಂದ ಒಳಬರುವ, ಸ್ವಾಪಿಗೆ ಹೋಗುವ ಲೆಕ್ಕದ `si`, `so` ಕಾಲಂ ನೋಡಿ. ಮೊದಲ ಸಾಲು ಯಂತ್ರ ಬೂಟ್ ಆದಾಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಎರಡೂ ಬಿಡದೆ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎರಡೂ ಸೊನ್ನೆಯಾಗಿದ್ದು ಡಿಸ್ಕಿನಿಂದ ಓದಿದ್ದನ್ನು ತೋರಿಸುವ `bi` ಕಾಲಂ ತುಂಬಿದ್ದರೆ, ಕಡತದ ಪುಟಗಳು ಹೀಗೆ ಹೋಗಿಬರುತ್ತಿರಬಹುದು. ಪ್ರೋಗ್ರಾಂ ತಾನಾಗಿ ದೊಡ್ಡ ಕಡತ ಓದುತ್ತಿದ್ದರೂ `bi` ಏರುತ್ತದೆ, ಆದ್ದರಿಂದ `maj_flt` ಜೊತೆಗಿಟ್ಟೇ ಓದಿ. `swpd` ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಫೋನ್ ಮಾಡಬೇಡಿ: ಎಂದೋ ಹೊರಹೋದ, ಯಾರಿಗೂ ಬೇಡವಾದ ಪುಟಗಳು ಅಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ.